‘ಒತ್ತಡ ಹೆಚ್ಚಿಸಿ’ ಎಂದರೆ ಯಾವ ಒತ್ತಡ?

ಪ್ಲಾಸ್ಟಿಕ್ ಇಂಜೆಕ್ಷನ್ ಮೋಲ್ಡಿಂಗ್ ಯಂತ್ರದ ಕಂಟ್ರೋಲರ್‌ಗೆ ಸಾಫ್ಟ್‌ವೇರ್ ಬರೆಯುವುದು ಕುರ್ಲಾದಲ್ಲಿ ನನ್ನ ಕೆಲಸ. ಪೀಣ್ಯದ ಗ್ರಾಹಕರೊಬ್ಬರು ಕೈಪಿಡಿ ಕನ್ನಡದಲ್ಲಿ ಬೇಕೆಂದು ಕೇಳಿದಾಗ, ಏಜೆನ್ಸಿಯೊಂದು ಮಾಡಿಕೊಟ್ಟ ಅನುವಾದ ತಿದ್ದಲು ನನ್ನ ಮೇಜಿಗೆ ಬಂತು. ಭಾಷೆ ಶುದ್ಧವಾಗಿತ್ತು. ಆದರೆ ಅದನ್ನು ನಂಬಿ ಯಂತ್ರ ನಡೆಸಿದರೆ ಮಾಲು ಕೆಡುವುದು ಖಂಡಿತ.

ಮೊದಲ ತೊಡಕು ಮೆಲ್ಟ್ ಟೆಂಪರೇಚರ್. ಏಜೆನ್ಸಿ ಅದನ್ನು ‘ಕರಗುವ ತಾಪಮಾನ’ ಎಂದಿತ್ತು. ಶಾಲೆಯಲ್ಲಿ ಓದಿದವರಿಗೆ ಅದು ಘನವಸ್ತು ದ್ರವವಾಗುವ ಬಿಂದು. ಪಾಲಿಪ್ರೊಪಿಲೀನ್‌ಗೆ ಅದು ಸುಮಾರು 165 ಡಿಗ್ರಿ ಸೆಲ್ಸಿಯಸ್. ಮೋಲ್ಡಿಂಗ್‌ನಲ್ಲಿ ಬೇಕಾದದ್ದು ನಾಜಲ್‌ನಿಂದ ಹೊರಬರುವ ಕರಗಿದ ಪ್ಲಾಸ್ಟಿಕ್ಕಿನ ತಾಪಮಾನ, ಅಂದರೆ ಸಾಮಾನ್ಯವಾಗಿ 200ರಿಂದ 250 ಡಿಗ್ರಿ. ಕುರ್ಲಾದ ಒಂದು ಗಾಲಾದಲ್ಲಿ ಯಂತ್ರ ನಡೆಸುವ ಕಲಬುರಗಿ ಕಡೆಯ ಹಿರಿಯರೊಬ್ಬರಿಗೆ ಇದನ್ನು ಓದಿ ಹೇಳಿದೆ. ‘ದಾನಾ ಕರಗಿದ್ರ ಸಾಕೇನ್ರೀ ಸರ? ಹರೀಬೇಕಲ್ರೀ’ ಎಂದರು. ನಾಲ್ಕು ಪುಟದ ವಿವರಣೆ ಅದರಲ್ಲೇ ಮುಗಿಯಿತು. ನಾನು ‘ಕರಗಿದ ಮಾಲಿನ ತಾಪಮಾನ’ ಎಂದು ಬರೆದೆ. ಪರದೆಯಲ್ಲಿ ಕಾಣುವ ಬ್ಯಾರೆಲ್ ತಾಪಮಾನವೂ ಅದಲ್ಲ ಎಂದು ಸೇರಿಸಿದೆ. ಸ್ಕ್ರೂ ತಿರುಗಿ ಉಜ್ಜುವಾಗ ಮಾಲು ಇನ್ನಷ್ಟು ಬಿಸಿಯಾಗುವುದರಿಂದ, ಹೊರಗೆ ಸುರಿದ ಮಾಲಿಗೆ ಸೂಜಿಯಂಥ ಥರ್ಮಾಮೀಟರ್ ಚುಚ್ಚಿ ನೋಡಿದರೆ ಮಾತ್ರ ನಿಜ ಗೊತ್ತಾಗುತ್ತದೆ. ಹಾಗೆ ನೋಡುವಾಗ ಕೈಗವಸು, ಮುಖಕ್ಕೆ ಶೀಲ್ಡ್ ಇರಲೇಬೇಕು.

ಎರಡನೆಯದು ಇದಕ್ಕಿಂತ ಕೆಟ್ಟದ್ದು. ಅಚ್ಚಿನ ಎರಡು ಭಾಗಗಳನ್ನು ಮುಚ್ಚಿ ಹಿಡಿಯುವುದು ಕ್ಲ್ಯಾಂಪ್ ಫೋರ್ಸ್. ಮಾಲನ್ನು ಒಳಗೆ ತಳ್ಳುವುದು ಇಂಜೆಕ್ಷನ್ ಪ್ರೆಷರ್. ಒಂದು ಮುಚ್ಚುತ್ತದೆ, ಇನ್ನೊಂದು ತೆರೆಯಲು ನೋಡುತ್ತದೆ. ಅನುವಾದದಲ್ಲಿ ಎರಡೂ ‘ಒತ್ತಡ’ವಾಗಿದ್ದವು. ದೋಷಗಳ ಪಟ್ಟಿಯಲ್ಲಿ ಫ್ಲ್ಯಾಶ್ ಎದುರು, ಅಂದರೆ ಅಚ್ಚಿನ ಸಂದಿನಿಂದ ಮಾಲು ತೆಳ್ಳಗೆ ಹೊರಚಾಚುವ ದೋಷದ ಎದುರು, ‘ಒತ್ತಡ ಹೆಚ್ಚಿಸಿ’ ಎಂದಿತ್ತು. ಆಪರೇಟರ್ ಇಂಜೆಕ್ಷನ್ ಪ್ರೆಷರ್ ಏರಿಸಿದರೆ ಫ್ಲ್ಯಾಶ್ ಇನ್ನೂ ಜೋರಾಗುತ್ತದೆ. ಆತನದೇನೂ ತಪ್ಪಿರುವುದಿಲ್ಲ, ಬರೆದಂತೆ ಮಾಡಿರುತ್ತಾನೆ.

ಲೆಕ್ಕವನ್ನೇ ನೋಡಿ. 10 ಸೆಂ.ಮೀ. ವ್ಯಾಸದ ಡಬ್ಬಿ ಮುಚ್ಚಳ, ಒಂದೇ ಅಚ್ಚಿನಲ್ಲಿ ಎರಡು. ಒಂದರ ಹರವು ಸುಮಾರು 79 ಚದರ ಸೆಂ.ಮೀ., ಎರಡರದ್ದು 158. ಅಚ್ಚಿನೊಳಗಿನ ಒತ್ತಡ ಚದರ ಸೆಂ.ಮೀ.ಗೆ 300 ಕೆ.ಜಿ. ಎಂದು ಹಿಡಿದರೆ ಅಚ್ಚನ್ನು ತೆರೆಯಲು ನೋಡುವ ಬಲ 47 ಟನ್. ರನ್ನರಿನ ಪಾಲು, ಸ್ವಲ್ಪ ಎಚ್ಚರಿಕೆಯ ಪಾಲು ಸೇರಿಸಿ 60 ಟನ್ ಇಟ್ಟರೆ ಸಾಕು. ಮುಚ್ಚಳ ತೀರಾ ತೆಳ್ಳಗಿದ್ದರೆ ಒಳಗಿನ ಒತ್ತಡ ಏರುತ್ತದೆ, ಆಗ ಈ ಲೆಕ್ಕ ಸಾಲದು.

ಹಾಗಾದರೆ ಯಂತ್ರ 100 ಟನ್ನಿನದು, ಪೂರ್ತಿ ಕೊಟ್ಟುಬಿಡೋಣ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅಚ್ಚಿನ ಅಂಚಿನಲ್ಲಿ ಗಾಳಿ ಹೊರಹೋಗಲು ಬಿಟ್ಟ ತೆಳು ಗೀರುಗಳು ಅತಿ ಬಿಗಿತಕ್ಕೆ ಅದುಮಿಹೋಗುತ್ತವೆ. ಒಳಗೆ ಸಿಕ್ಕಿಬಿದ್ದ ಗಾಳಿ ಕುಗ್ಗಿ ಕಾದು, ಮಾಲು ಕೊನೆಗೆ ತಲುಪುವ ಜಾಗದಲ್ಲಿ ಸುಟ್ಟ ಕಪ್ಪು ಕಲೆ ಬಿಡುತ್ತದೆ. ಫ್ಲ್ಯಾಶ್ ಹೋಯಿತು ಎನ್ನುವಷ್ಟರಲ್ಲಿ ಹೊಸ ದೋಷ ಹಾಜರು. ಅಚ್ಚಿನ ಅಂಚೂ ಬೇಗ ಸವೆಯುತ್ತದೆ, ಅಚ್ಚಿನ ಬೆಲೆ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ.

ಫ್ಲ್ಯಾಶ್ ಎಲ್ಲಿದೆ ಎನ್ನುವುದೇ ಕಾರಣ ಹೇಳುತ್ತದೆ. ಒಂದೇ ಮೂಲೆಯಲ್ಲಿದ್ದರೆ ಅಲ್ಲಿ ಮಾಲಿನ ಚೂರು ಕೂತಿರಬಹುದು, ಅಂಚು ತಗ್ಗಾಗಿರಬಹುದು. ಅದಕ್ಕೆ ಟನ್ ಏರಿಸಿ ಪ್ರಯೋಜನವಿಲ್ಲ. ಎರಡೂ ಮುಚ್ಚಳದ ಸುತ್ತ ಒಂದೇ ಸಮ ಇದ್ದರೆ ಮಾಲು ಅತಿ ಬಿಸಿಯಾಗಿ ನೀರಾಗಿದೆಯೋ, ತುಂಬಿದ ಮೇಲೂ ಜೋರಾಗಿ ತಳ್ಳುತ್ತಿದೆಯೋ, ಬಿಗಿತ ನಿಜಕ್ಕೂ ಕಡಿಮೆಯೋ ನೋಡಬೇಕು.

ಪಾರಿಭಾಷಿಕ ಪದಕೋಶ ತೆರೆದು ಫ್ಲ್ಯಾಶ್‌ಗೆ ಹೊಸ ಹೆಸರು ಹುಡುಕುವ ಉತ್ಸಾಹ ನಮ್ಮಲ್ಲಿ ಬಹಳ. ಶಾಪ್ ಫ್ಲೋರಿನಲ್ಲಿ ಯಾರೂ ಆಡದ ಆ ಹೆಸರು ಇಲ್ಲಿ ಯಾವ ಕೆಲಸಕ್ಕೂ ಬಾರದು. ಫ್ಲ್ಯಾಶ್ ಫ್ಲ್ಯಾಶಾಗಿಯೇ ಇರಲಿ. ಕನ್ನಡ ಬೇಕಿರುವುದು ಕಾರಣ ಮತ್ತು ಕೆಲಸದ ವಾಕ್ಯಗಳಲ್ಲಿ. ನಾನು ಪಟ್ಟಿಯ ಆ ಸಾಲನ್ನು ಹೀಗೆ ಬದಲಿಸಿ ಕಳಿಸಿದ್ದೇನೆ: ‘ಯಂತ್ರ ನಿಲ್ಲಿಸಿ, ಅಚ್ಚಿನ ಅಂಚು ಒರೆಸಿ. ಆಮೇಲೂ ಸುತ್ತಲೂ ಫ್ಲ್ಯಾಶ್ ಬಂದರೆ ಕರಗಿದ ಮಾಲಿನ ತಾಪಮಾನ, ಇಂಜೆಕ್ಷನ್ ಪ್ರೆಷರ್ ನೋಡಿ, ಹೆಚ್ಚಿದ್ದರೆ ಇಳಿಸಿ. ಕೊನೆಗೆ ಮಾತ್ರ ಕ್ಲ್ಯಾಂಪ್ ಟನ್ ಸ್ವಲ್ಪ ಸ್ವಲ್ಪವೇ ಏರಿಸಿ.’