ಅಲ್ಪಧನಕ್ಕೆ ತಕ್ಕ ಸಂಶೋಧನೆ: ಜೋಳದ ಕಾಡಿಗೆ ರೋಗ

ಸಂಶೋಧನೆಗಾಗಿ ಸಹಾಯಧನವನ್ನು ಬೇಡುವ ಕೃಷಿವಿದ್ಯಾರ್ಥಿಯು ಅದರಿಂದ ಗ್ರಾಮಕ್ಕಾಗುವ ಲಾಭವನ್ನು ತೋರಿಸತಕ್ಕದ್ದು, ಧನವಾದರೋ ಅಲ್ಪ. ಅಂಥವರಿಗೆ ಜೋಳದ ಕಾಡಿಗೆ ರೋಗವು ತಕ್ಕ ವಿಷಯವಾಗಿದೆ.

ಈ ರೋಗದಲ್ಲಿ ತೆನೆಯ ಕಾಳುಗಳು ಕರಿಯ ಪುಡಿ ತುಂಬಿದ ಚೀಲಗಳಾಗುತ್ತವೆ. ಕಣದಲ್ಲಿ ಒಕ್ಕುವಾಗ ಆ ಪುಡಿಯು ಬೀಜಕ್ಕೆ ಅಂಟಿ ಮುಂದಿನ ಬೆಳೆಗೆ ಸೇರುತ್ತದೆ. ಒಂದು ಕಿಲೋ ಬೀಜಕ್ಕೆ 4 ಗ್ರಾಂ ನಯವಾದ ಗಂಧಕದ ಪುಡಿಯನ್ನು ಲೇಪಿಸುವುದೇ ಇದಕ್ಕೆ ಪರಿಹಾರ. ಎಕರೆಗೆ 3 ಕಿಲೋ ಬೀಜವಾದರೆ 12 ಗ್ರಾಂ ಗಂಧಕ ಸಾಕು.

ಔಷಧವು ತಿಳಿದದ್ದೇ, ಊರಿನವರ ಸ್ವಂತ ಬೀಜದಲ್ಲಿ ರೋಗವೆಷ್ಟಿದೆ, ಲೇಪನದಿಂದ ಎಷ್ಟು ತೆನೆಗಳು ಉಳಿದವು ಎಂಬುದೇ ಸಂಶೋಧಿಸತಕ್ಕ ಪ್ರಶ್ನೆ. ಹಿಂದಿನ ವರ್ಷ ಕಾಡಿಗೆ ಕಂಡ ಹೊಲದ ಬೀಜವನ್ನು ಎರಡು ಪಾಲು ಮಾಡಿ, ಒಂದಕ್ಕೆ ಮಾತ್ರ ಗಂಧಕವನ್ನು ಲೇಪಿಸಿ, ಒಂದೇ ಹೊಲದ ಅರ್ಧರ್ಧ ಎಕರೆಯಲ್ಲಿ ಬಿತ್ತಬೇಕು. ಲೇಪಿಸದ ಬೀಜವನ್ನೇ ಮೊದಲು ಬಿತ್ತತಕ್ಕದ್ದು. ಇಲ್ಲವಾದರೆ ಕೂರಿಗೆಗೆ ಅಂಟಿದ ಗಂಧಕವು ಅದಕ್ಕೂ ತಗಲಿ ವ್ಯತ್ಯಾಸವು ಮರೆಯಾಗುವುದು. ಕಾಳು ಬಲಿತಾಗ ಎರಡು ಕಡೆಯೂ 500 ತೆನೆಗಳನ್ನು ಊರವರ ಎದುರಿನಲ್ಲಿ ಎಣಿಸಬೇಕು.

ಇಡೀ ತೆನೆಯೇ ಕರಿಯ ಗಂಟಾಗಿದ್ದರೆ ಅದು ಮಣ್ಣಿನಿಂದ ಬರುವ ಬೇರೆ ಕಾಡಿಗೆ. ಗಂಧಕವು ಅದನ್ನು ತಡೆಯದು. ಅಂಥವನ್ನು ಪ್ರತ್ಯೇಕವಾಗಿ ಬರೆದಿಡಬೇಕು.

ಜಮೀನುದಾರರು ಅರ್ಧ ಎಕರೆಯನ್ನು ಲೇಪನವಿಲ್ಲದೆ ಬಿಡಲು ಒಪ್ಪಿದರೆ ಮಾತ್ರ ಈ ಕೆಲಸವು ಸಾಗುವುದು. ಅಲ್ಲಿ ಕೆಡುವ ತೆನೆಗಳೇ ಲಾಭದ ಲೆಕ್ಕಕ್ಕೆ ಆಧಾರ.