ನಿಲ್ಲದ ಸೆಳವಿಗೆ ಎರಡನೆಯ ಮದ್ದು

ಮಕ್ಕಳಿಗೆ ಬರುವ ಫಿಟ್ಸ್ ಬಹುಪಾಲು ಎರಡು ಮೂರು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಮಗುವಿನ ಕೈಗೆ ಕಬ್ಬಿಣದ ಬೀಗದಕೈ ಕೊಟ್ಟವರು, ಮೂಗಿಗೆ ಈರುಳ್ಳಿ ಹಿಡಿದವರು ಅದು ತಮ್ಮಿಂದಲೇ ನಿಂತಿತೆಂದು ನಂಬುವುದು ಈ ಕಾರಣದಿಂದ. ಆದರೆ ಐದು ನಿಮಿಷ ದಾಟಿದ ಸೆಳವು ತಾನಾಗಿ ನಿಲ್ಲುವ ಸಂಭವ ಕಡಿಮೆ. ಅದನ್ನು ಔಷಧಿಯಿಂದಲೇ ನಿಲ್ಲಿಸಬೇಕು. ಅರ್ಧ ಗಂಟೆ ಮೀರಿದರೆ ಮಿದುಳಿನ ನರಕೋಶಗಳಿಗೇ ಹಾನಿಯಾಗುವ ಭಯವುಂಟು.

ಆಸ್ಪತ್ರೆಯಲ್ಲಿ ಮೊದಲು ಕೊಡುವುದು ಬೆಂಜೊಡಯಾಜೆಪೈನ್ ಗುಂಪಿನ ಔಷಧಿ. ಮಿಡಜೊಲಾಂ, ಲೋರಜೆಪಾಂ, ಡಯಾಜೆಪಾಂ ಇವೆಲ್ಲ ಒಂದೇ ಮನೆತನದವು. ಮಿದುಳಿನಲ್ಲಿ ನರಕೋಶಗಳನ್ನು ಸುಮ್ಮನಿರಿಸುವ 'ಗಾಬಾ' ಎಂಬ ರಾಸಾಯನಿಕವಿದೆ. ಅದು ಬಂದು ಕೂರುವ ಗ್ರಾಹಕಗಳು ನರಕೋಶದ ಮೇಲ್ಮೈಯಲ್ಲಿರುತ್ತವೆ. ಬೆಂಜೊಡಯಾಜೆಪೈನ್ ಆ ಗ್ರಾಹಕಗಳಿಗೆ ಅಂಟಿಕೊಂಡು ಗಾಬಾದ ಕೆಲಸಕ್ಕೆ ಬಲ ಕೊಡುತ್ತದೆ. ಸೆಳವು ಮುಂದುವರಿದಷ್ಟೂ ನರಕೋಶ ಈ ಗ್ರಾಹಕಗಳನ್ನು ಮೇಲ್ಮೈಯಿಂದ ಒಳಕ್ಕೆ ಎಳೆದುಕೊಳ್ಳುತ್ತಾ ಹೋಗುತ್ತದೆ. ಹತ್ತನೆಯ ನಿಮಿಷದಲ್ಲಿ ಕೆಲಸ ಮಾಡಬಹುದಾಗಿದ್ದ ಮದ್ದು ನಲವತ್ತನೆಯ ನಿಮಿಷದಲ್ಲಿ ಸೋಲುವುದು ಹೀಗೆ. ಹಾಗೆಂದು ಅದನ್ನೇ ಮತ್ತೆ ಮತ್ತೆ ಕೊಟ್ಟರೆ ಸೆಳವು ನಿಲ್ಲುವ ಮೊದಲು ಉಸಿರಾಟವೇ ನಿಂತೀತು. ಆದ್ದರಿಂದ ಎರಡು ಸಲ ಕೊಟ್ಟೂ ನಿಲ್ಲದಿದ್ದರೆ ವೈದ್ಯರು ಬೇರೆ ದಾರಿಯಲ್ಲಿ ಕೆಲಸ ಮಾಡುವ ಔಷಧಿಗೆ ಕೈಹಾಕುತ್ತಾರೆ. ಆ ಎರಡನೆಯ ಮದ್ದು ಯಾವುದಿರಬೇಕು ಎಂಬುದೇ ಇಲ್ಲಿನ ವಿಷಯ.

ಉದಾಹರಣೆಗೆ ನಾಲ್ಕು ವರ್ಷದ, 16 ಕಿಲೋ ತೂಕದ ಒಂದು ಮಗುವನ್ನು ಊಹಿಸಿಕೊಳ್ಳಿ. ಸಂಜೆ 7.10ಕ್ಕೆ ಸೆಳವು ಶುರುವಾಯಿತು. 7.25ಕ್ಕೆ ಆಸ್ಪತ್ರೆ ಸೇರಿದ ಕೂಡಲೇ ಒಮ್ಮೆ, 7.32ಕ್ಕೆ ಇನ್ನೊಮ್ಮೆ ಬೆಂಜೊಡಯಾಜೆಪೈನ್ ಕೊಟ್ಟದ್ದಾಯಿತು. 7.40 ಆದರೂ ಕೈಕಾಲು ಅದುರುವುದು ನಿಂತಿಲ್ಲ. ಈಗ ವೈದ್ಯರು 'ಲೋಡಿಂಗ್ ಡೋಸ್' ಹಾಕಿ ಎನ್ನುತ್ತಾರೆ.

ಹಾಗೆಂದರೇನು? ಬಚ್ಚಲುಮನೆಯ ಹಂಡೆಯ ತಳದಲ್ಲಿ ಸಣ್ಣದೊಂದು ತೂತಿದೆ ಎನ್ನೋಣ. ಖಾಲಿ ಹಂಡೆಗೆ ದಿನಕ್ಕೆ ನಾಲ್ಕು ಚೆಂಬು ನೀರು ಹಾಕುತ್ತಾ ಹೋದರೆ ಬೇಕಾದ ಮಟ್ಟಕ್ಕೆ ನೀರು ಏರಲು ಎಷ್ಟೋ ದಿನ ಹಿಡಿಯುತ್ತದೆ. ಮೊದಲೇ ನಾಲ್ಕು ಕೊಡ ಸುರಿದು ಮಟ್ಟ ಏರಿಸಿಬಿಟ್ಟರೆ, ಆಮೇಲೆ ತೂತಿನಲ್ಲಿ ಸೋರಿದಷ್ಟನ್ನು ಚೆಂಬಿನಲ್ಲಿ ತುಂಬಿದರೆ ಸಾಕು. ದೇಹವೂ ಹಂಡೆಯಂತೆ, ಔಷಧಿಯನ್ನು ಹೊರಹಾಕುವ ಯಕೃತ್ತು, ಮೂತ್ರಪಿಂಡಗಳು ತೂತಿನಂತೆ. ಸುರಿಯುವ ಆ ಕೊಡಗಳೇ ಲೋಡಿಂಗ್ ಡೋಸ್.

ಎಷ್ಟು ಸುರಿಯಬೇಕು ಎಂಬುದಕ್ಕೆ ಲೆಕ್ಕವಿದೆ. ಫೆನಿಟಾಯಿನ್ ಎಂಬ ಔಷಧಿ ದೇಹದ ಪ್ರತಿ ಕಿಲೋ ತೂಕಕ್ಕೆ ಸುಮಾರು 0.7 ಲೀಟರ್ ದ್ರವದಲ್ಲಿ ಬೆರೆತಂತೆ ವರ್ತಿಸುತ್ತದೆ. ಈ ಮಗುವಿಗೆ ಅದು 16 ಗುಣಿಸು 0.7, ಅಂದರೆ ಸುಮಾರು 11 ಲೀಟರಿನ ಹಂಡೆ. ಕಿಲೋಗೆ 20 ಮಿಲಿಗ್ರಾಂನಂತೆ 320 ಮಿಲಿಗ್ರಾಂ ಕೊಟ್ಟರೆ ಲೀಟರಿಗೆ ಸುಮಾರು 29 ಮಿಲಿಗ್ರಾಂ ಆಗುತ್ತದೆ. ದಿನನಿತ್ಯ ಮಾತ್ರೆ ತೆಗೆದುಕೊಳ್ಳುವ ರೋಗಿಯ ರಕ್ತದಲ್ಲಿ ವೈದ್ಯರು ಬಯಸುವುದು 10ರಿಂದ 20. ಮುಂದಿನ ಗಂಟೆಗಳಲ್ಲಿ ಮಟ್ಟ ಇಳಿಯುವುದರಿಂದ ಮೊದಲಿಗೆ ಸ್ವಲ್ಪ ಮೇಲಕ್ಕೇ ಏರಿಸುತ್ತಾರೆ. ಆದರೆ ಈ ಲೆಕ್ಕ ಖಾಲಿ ಹಂಡೆಯದು. ಮಗು ಈಗಾಗಲೇ ದಿನವೂ ಫೆನಿಟಾಯಿನ್ ತೆಗೆದುಕೊಳ್ಳುತ್ತಿದ್ದರೆ ಹಂಡೆ ಅರ್ಧ ತುಂಬಿದೆ ಎಂದರ್ಥ. ಅದರ ಮೇಲೆ ಪೂರ್ತಿ ಡೋಸ್ ಸುರಿದರೆ ಉಕ್ಕುತ್ತದೆ. ಮೇಲಾಗಿ ಯಕೃತ್ತು ಫೆನಿಟಾಯಿನನ್ನು ಒಂದು ಮಿತಿಯವರೆಗೆ ಮಾತ್ರ ಬೇಗ ಕರಗಿಸಬಲ್ಲದು. ಆ ಮಿತಿ ದಾಟಿದ ಮೇಲೆ ತುಸು ಹೆಚ್ಚು ಕೊಟ್ಟರೂ ಮಟ್ಟ ಜಿಗಿದು ಏರುತ್ತದೆ. ಆದ್ದರಿಂದಲೇ 'ಮಗು ಯಾವ ಮಾತ್ರೆ ತಿನ್ನುತ್ತಿದೆ?' ಎಂದು ವೈದ್ಯರು ಕೇಳುತ್ತಾರೆ. ತಂದೆತಾಯಿ ಮಾತ್ರೆಯ ಚೀಟಿಯನ್ನು ಜೊತೆಗೆ ತಂದಿದ್ದರೆ ಆ ಹೊತ್ತಿನಲ್ಲಿ ಅದಕ್ಕೆ ಬೆಲೆ ಕಟ್ಟಲಾಗದು.

ಫೆನಿಟಾಯಿನ್ ಹಳೆಯ ಮದ್ದು. 1908ರಲ್ಲಿ ಜರ್ಮನಿಯ ಬಿಲ್ಟ್ಸ್ ಅದನ್ನು ತಯಾರಿಸಿದ. ಅದು ಸೆಳವನ್ನು ತಡೆಯುತ್ತದೆಂದು 1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪಟ್ನಂ ತೋರಿಸಿದರು. ನರಕೋಶಕ್ಕೆ ಸೋಡಿಯಂ ನುಗ್ಗುವ ಬಾಗಿಲುಗಳನ್ನು ಅದು ತಡೆದು ನಿಲ್ಲಿಸುತ್ತದೆ. ತೊಂದರೆ ಇರುವುದು ಅದರ ರಸಾಯನಶಾಸ್ತ್ರದಲ್ಲಿ. ಫೆನಿಟಾಯಿನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನುವಷ್ಟು ಕಡಿಮೆ ಕರಗುತ್ತದೆ. ಇಂಜೆಕ್ಷನ್ನಿಗಾಗಿ ಅದನ್ನು ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ, ಕ್ಷಾರ ಬೆರೆಸಿ ಕರಗಿಸಿಟ್ಟಿರುತ್ತಾರೆ. ಆ ದ್ರಾವಣದ ಪಿಎಚ್ ಸುಮಾರು 12, ಅಂದರೆ ಸುಣ್ಣದ ತಿಳಿನೀರಿನ ಹತ್ತಿರ! ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸ ಸುಡುತ್ತದೆ, ಕೈ ಊದಿ ನೇರಳೆ ಬಣ್ಣಕ್ಕೆ ತಿರುಗುವುದುಂಟು. ಗ್ಲೂಕೋಸ್ ಬಾಟಲಿಗೆ ಬೆರೆಸಿದರೆ ಕ್ಷಾರ ಕಡಿಮೆಯಾಗಿ ಬಿಳಿಯ ಹರಳುಗಳಾಗಿ ಬೇರ್ಪಡುತ್ತದೆ. ಹಾಗಾಗಿ ಅದನ್ನು ಬೆರೆಸುವುದು ಲವಣಜಲದಲ್ಲಿ ಮಾತ್ರ. ಹೃದಯದಲ್ಲಿಯೂ ಸೋಡಿಯಂ ಬಾಗಿಲುಗಳಿವೆಯಷ್ಟೆ. ವೇಗವಾಗಿ ಕೊಟ್ಟರೆ ನಾಡಿ ತಪ್ಪುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಇದರಲ್ಲಿ ಆ ಗ್ಲೈಕಾಲಿನ ಪಾತ್ರವೂ ಇದೆ. ಆದ್ದರಿಂದ ನಿಮಿಷಕ್ಕೆ ಕಿಲೋಗೆ 1 ಮಿಲಿಗ್ರಾಂ ಮೀರದಂತೆ, ಹೃದಯದ ಗತಿಯನ್ನು ಪರದೆಯ ಮೇಲೆ ನೋಡುತ್ತಾ, ಇಪ್ಪತ್ತು ನಿಮಿಷ ಕೊಡಬೇಕು.

ಲೆವೆಟಿರಸಿಟಂ ಇದಕ್ಕೆ ಹೋಲಿಸಿದರೆ ಹೊಸದು. ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆತದ್ದು 1999ರಲ್ಲಿ. ಅದು ನರಕೋಶದ ತುದಿಯಲ್ಲಿ ರಾಸಾಯನಿಕ ಸಂದೇಶ ತುಂಬಿಕೊಂಡಿರುವ ಪುಟ್ಟ ಚೀಲಗಳ ಒಂದು ಪ್ರೋಟೀನಿಗೆ ಅಂಟುತ್ತದೆ. ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ರಕ್ತನಾಳವನ್ನು ಸುಡುವುದಿಲ್ಲ, ಹೃದಯದ ಗತಿಯನ್ನು ಕೆಡಿಸುವ ಭಯವೂ ಅತಿ ಕಡಿಮೆ. ಕಿಲೋಗೆ 40 ಮಿಲಿಗ್ರಾಂನಂತೆ ನಮ್ಮ 16 ಕಿಲೋ ಮಗುವಿಗೆ 640 ಮಿಲಿಗ್ರಾಂ. ಐದು ನಿಮಿಷದಲ್ಲಿ ಕೊಟ್ಟು ಮುಗಿಸಬಹುದು.

ಇಲ್ಲೊಂದು ತಮಾಷೆ ಗಮನಿಸಿ. ಫೆನಿಟಾಯಿನ್ ಸೀಸೆಯಲ್ಲಿ ಪ್ರತಿ ಮಿಲಿಲೀಟರಿಗೆ 50 ಮಿಲಿಗ್ರಾಂ, ಲೆವೆಟಿರಸಿಟಂ ಸೀಸೆಯಲ್ಲಿ 100 ಮಿಲಿಗ್ರಾಂ ಇರುತ್ತದೆ. ಭಾಗಿಸಿ ನೋಡಿದರೆ ಎರಡೂ 6.4 ಮಿಲಿಲೀಟರೇ. ಸಿರಿಂಜಿಗೆ ಎಳೆದುಕೊಳ್ಳುವ ಅಳತೆ ಒಂದೇ, ಒಳಗೆ ಹೋಗಲು ಬೇಕಾದ ಸಮಯ ಮಾತ್ರ ಒಂದಕ್ಕೆ ಇನ್ನೊಂದರ ನಾಲ್ಕರಷ್ಟು. ಫೆನಿಟಾಯಿನನ್ನು ಆಮೇಲೆ 32 ಮಿಲಿಲೀಟರಿಗೆ ಕಡಿಮೆಯಿಲ್ಲದಂತೆ ಲವಣಜಲದಲ್ಲಿ ತೆಳುಮಾಡಬೇಕು. ಅದಕ್ಕೂ ಒಂದಷ್ಟು ಹೊತ್ತು ಬೇಕು. ಲೆವೆಟಿರಸಿಟಂ 7.45ಕ್ಕೆ ಶುರುವಾದರೆ 7.50ಕ್ಕೆ ಮುಗಿಯುತ್ತದೆ. ಫೆನಿಟಾಯಿನ್ 7.50ಕ್ಕೆ ಶುರುವಾದರೆ 8.10 ಆಗುತ್ತದೆ.

ಹಾಗಾದರೆ ಹೊಸದೇ ಮೇಲೆಂದು ತೀರ್ಮಾನಿಸಬಹುದಲ್ಲ? ಬಹಳ ವೈದ್ಯರೂ ಹಾಗೇ ಎಣಿಸಿದ್ದರು. ಬ್ರಿಟನ್ನಿನ ಮೂವತ್ತು ಆಸ್ಪತ್ರೆಗಳು ಸೇರಿ ಇದನ್ನು ಪರೀಕ್ಷಿಸಿದವು. 'ಎಕ್ಲಿಪ್ಸ್' ಎಂಬ ಹೆಸರಿನ ಆ ಪರೀಕ್ಷೆಯ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಯಾವ ಮಗುವಿಗೆ ಯಾವ ಔಷಧಿ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ಸೆಳವಿನ ನಡುವೆ ತಂದೆತಾಯಿಯನ್ನು ಕೂರಿಸಿ ಒಪ್ಪಿಗೆ ಪತ್ರ ಓದಿಸುವುದು ಆಗದ ಮಾತು. ಆದ್ದರಿಂದ ಮೊದಲು ಚಿಕಿತ್ಸೆ ಕೊಟ್ಟು, ಆಮೇಲೆ ವಿವರಿಸಿ ಒಪ್ಪಿಗೆ ಕೇಳಿದರು. ಎರಡೂ ಔಷಧಿ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದವೇ ಆಗಿದ್ದರಿಂದ ಇದನ್ನು ತಪ್ಪೆನ್ನಲಾಗದು. ಒಟ್ಟು 286 ಮಕ್ಕಳಲ್ಲಿ ಲೆವೆಟಿರಸಿಟಂ ಪಡೆದ 152 ಮಂದಿಯಲ್ಲಿ 106 ಮಕ್ಕಳ ಸೆಳವು ನಿಂತಿತು, ಫೆನಿಟಾಯಿನ್ ಪಡೆದ 134ರಲ್ಲಿ 86. ಅಂದರೆ ನೂರಕ್ಕೆ 70 ಮತ್ತು 64. ನಿಲ್ಲಲು ಹಿಡಿದ ಸಮಯ ಮಧ್ಯಮ ಲೆಕ್ಕದಲ್ಲಿ 35 ನಿಮಿಷ ಮತ್ತು 45 ನಿಮಿಷ. ಹೊಸದು ಮುಂದಿರುವಂತೆ ಕಂಡರೂ ನಾಣ್ಯ ಚಿಮ್ಮಿದಾಗ ಒಮ್ಮೊಮ್ಮೆ ಹೆಡ್ ಹೆಚ್ಚು ಬೀಳುವಂತೆ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು. ಹೊಸದು ಮೇಲೆಂದು ಸಾಧಿಸಲು ಅಷ್ಟು ಸಾಲದು. ಫೆನಿಟಾಯಿನ್ ಪಡೆದ ಒಂದು ಮಗುವಿನ ರಕ್ತದೊತ್ತಡ ಮಾತ್ರ ಜೀವಕ್ಕೆ ಅಪಾಯವಾಗುವಷ್ಟು ಕುಸಿದಿತ್ತು.

ಅದೇ ವರ್ಷ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ 13 ಆಸ್ಪತ್ರೆಗಳ 'ಕಾನ್ಸೆಪ್ಟ್' ಪರೀಕ್ಷೆಯ ಫಲಿತಾಂಶವೂ ಬಂತು. ಅಲ್ಲಿ ತಿರುಗುಮುರುಗು! ಫೆನಿಟಾಯಿನ್‌ನಿಂದ ನೂರಕ್ಕೆ 60 ಮಕ್ಕಳಲ್ಲಿ ಸೆಳವು ನಿಂತರೆ ಲೆವೆಟಿರಸಿಟಂನಿಂದ 50ರಲ್ಲಿ. ವಿದ್ಯಾರ್ಥಿಗಳು ಇಲ್ಲಿ ತುಸು ನಿಂತು ಯೋಚಿಸಬೇಕು. ಔಷಧಿ ಕೊಟ್ಟು ಮುಗಿದ ಐದು ನಿಮಿಷಕ್ಕೆ ಸೆಳವು ನಿಂತಿದೆಯೇ ಎಂದು ಅಲ್ಲಿ ನೋಡಿದ್ದರು. ಲೆವೆಟಿರಸಿಟಂಗೆ ಐದು ನಿಮಿಷ ಸಾಕಾದ್ದರಿಂದ ಪರೀಕ್ಷೆ ಹತ್ತನೆಯ ನಿಮಿಷಕ್ಕೆ. ಫೆನಿಟಾಯಿನ್‌ಗೆ ಇಪ್ಪತ್ತು ಬೇಕಾದ್ದರಿಂದ ಇಪ್ಪತ್ತೈದನೆಯ ನಿಮಿಷಕ್ಕೆ. ಒಬ್ಬನ ಉತ್ತರಪತ್ರಿಕೆಯನ್ನು ಹತ್ತು ನಿಮಿಷಕ್ಕೆ ಕಿತ್ತುಕೊಂಡು, ಇನ್ನೊಬ್ಬನಿಗೆ ಇಪ್ಪತ್ತೈದು ನಿಮಿಷ ಬಿಟ್ಟಂತಾಯಿತು. ಎರಡು ಗಂಟೆಯ ಬಳಿಕ, ಬೇರೆ ಮದ್ದಿಲ್ಲದೆ ಸೆಳವು ನಿಂತೇ ಇದ್ದ ಮಕ್ಕಳನ್ನು ಎಣಿಸಿದಾಗ ಫೆನಿಟಾಯಿನ್ 54, ಲೆವೆಟಿರಸಿಟಂ 51. ಅಂತರ ಬಹುಮಟ್ಟಿಗೆ ಅಳಿಸಿಹೋಗಿತ್ತು.

ಅಮೆರಿಕದ 'ಎಸೆಟ್' ಪರೀಕ್ಷೆ ಈ ಗಡಿಯಾರದ ತೊಡಕನ್ನು ತಪ್ಪಿಸಿತು. ಅಲ್ಲಿ ಫೆನಿಟಾಯಿನ್ ಬದಲು ನೀರಿನಲ್ಲಿ ಕರಗುವ, ದೇಹದೊಳಗೆ ಫೆನಿಟಾಯಿನ್ ಆಗಿ ಬದಲಾಗುವ ಫಾಸ್‌ಫೆನಿಟಾಯಿನ್ ಬಳಸಿದರು. ಜೊತೆಗೆ ವಾಲ್‌ಪ್ರೊಯೇಟ್ ಎಂಬ ಮೂರನೆಯದನ್ನೂ ಸೇರಿಸಿ, ಮೂರನ್ನೂ ಹತ್ತು ನಿಮಿಷದಲ್ಲೇ ಕೊಟ್ಟರು. ಯಾವುದನ್ನು ಕೊಡುತ್ತಿದ್ದೇವೆಂದು ವೈದ್ಯರಿಗೂ ಗೊತ್ತಿರಲಿಲ್ಲ. ಲೆವೆಟಿರಸಿಟಂನ ಅಳತೆಯನ್ನೂ ಕಿಲೋಗೆ 60 ಮಿಲಿಗ್ರಾಂಗೆ ಏರಿಸಿದ್ದರು. 2020ರಲ್ಲಿ ಪ್ರಕಟವಾದ ಮಕ್ಕಳ ಲೆಕ್ಕದಲ್ಲಿ ಲೆವೆಟಿರಸಿಟಂ ನೂರಕ್ಕೆ 52, ಫಾಸ್‌ಫೆನಿಟಾಯಿನ್ 49, ವಾಲ್‌ಪ್ರೊಯೇಟ್ 52.

ಸೆಳವನ್ನು ನಿಲ್ಲಿಸುವ ಬಲದಲ್ಲಿ ಇವು ಸಮ ಎಂದಾದ ಮೇಲೆ ಆಯ್ಕೆ ನಿಲ್ಲುವುದು ಉಳಿದ ವಿಚಾರಗಳ ಮೇಲೆ. ಬೆರೆಸುವುದು ಸುಲಭ, ಐದು ನಿಮಿಷ ಸಾಕು, ಹೃದಯಕ್ಕೆ ಭಯವಿಲ್ಲ, ಈಗಾಗಲೇ ಫೆನಿಟಾಯಿನ್ ತಿನ್ನುವ ಮಗುವಿಗೂ ಕೊಡಬಹುದು ಎಂಬ ಕಾರಣಗಳಿಂದ ಅನೇಕ ವೈದ್ಯರು ಲೆವೆಟಿರಸಿಟಂ ಕಡೆಗೆ ವಾಲಿದ್ದಾರೆ. ಅದು ಸರಿಯಾದ ಒಲವೇ. ಆದರೆ ಕಪಾಟಿನಲ್ಲಿ ಫೆನಿಟಾಯಿನ್ ಮಾತ್ರ ಇರುವ ಆಸ್ಪತ್ರೆ ಇನ್ನೊಂದಕ್ಕಾಗಿ ಕಾಯುತ್ತಾ ಕೂರಬೇಕಾಗಿಲ್ಲ.

ಹಾಗಿದ್ದೂ ಈ ಅಂಕಿಗಳನ್ನು ತಿರುವಿ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಯಾವುದನ್ನೇ ಕೊಡಲಿ, ಬಹಳಷ್ಟು ಮಕ್ಕಳಲ್ಲಿ, ಕೆಲವು ಪರೀಕ್ಷೆಗಳಲ್ಲಿ ಅರ್ಧದಷ್ಟು ಮಕ್ಕಳಲ್ಲಿ, ಸೆಳವು ನಿಲ್ಲಲಿಲ್ಲ. ಹಿಂದೆ ಇಂಥ ಮಗುವಿಗೆ ಮುಂದಿನ ಹೆಜ್ಜೆ ನೇರವಾಗಿ ಅರಿವಳಿಕೆ ಕೊಟ್ಟು, ಗಂಟಲಿಗೆ ನಳಿಕೆ ಇಳಿಸಿ, ಯಂತ್ರದಿಂದ ಉಸಿರಾಡಿಸುವುದಾಗಿತ್ತು. ಅದಕ್ಕೆ ಮೊದಲು ಉಳಿದ ಇನ್ನೊಂದು ಮದ್ದನ್ನೂ ಕೊಟ್ಟು ನೋಡಿ ಎಂದು ಕಾನ್ಸೆಪ್ಟ್ ನಡೆಸಿದವರು ಸೂಚಿಸಿದರು. 16 ಕಿಲೋ ಮಗುವಿಗೆ 7.50ಕ್ಕೆ ಲೆವೆಟಿರಸಿಟಂ ಮುಗಿದು, 7.55ಕ್ಕೂ ಕೈಕಾಲು ಅದುರುತ್ತಿದ್ದರೆ, ಅರಿವಳಿಕೆ ತಜ್ಞರಿಗೆ ಹೇಳಿಕಳಿಸಿ ಅವರು ಬಂದು ಸಿದ್ಧರಾಗುವಷ್ಟರಲ್ಲಿ ಲವಣಜಲದಲ್ಲಿ ಬೆರೆತ ಫೆನಿಟಾಯಿನ್ ಹನಿಯಲು ಶುರುವಾಗಿರುತ್ತದೆ. ಈ ಎಲ್ಲ ಸಮಯವನ್ನೂ ಎಣಿಸುವುದು 7.10ರಿಂದ. ಆ 7.10 ಯಾವಾಗ ಆಯಿತೆಂದು ಹೇಳಬಲ್ಲವರು ಮನೆಯವರೊಬ್ಬರೇ.