ಹಣ ಹೋಗಿದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ ‘ಫೇಲ್’ ಅನ್ನಬೇಡಿ

ಆನ್‌ಲೈನ್ ಅಂಗಡಿಯಲ್ಲಿ ಒಂದೇ ಸಾಮಾನಿಗೆ ಎರಡು ಸಲ ಹಣ ಕಟ್ ಆಯಿತು ಅಂತ ಯಾರಾದರೂ ದೂರು ಕೊಟ್ಟರೆ ಸಾಮಾನ್ಯವಾಗಿ ಸಿಗುವ ಉತ್ತರ, ‘ನಿಮ್ಮ ನೆಟ್‌ವರ್ಕ್ ಸರಿ ಇರಲಿಲ್ಲ, ನೀವೇ ಎರಡು ಸಲ ಒತ್ತಿದ್ದೀರಿ’. ಈ ಉತ್ತರವನ್ನು ನಾವು ಒಪ್ಪುವುದಿಲ್ಲ. ಹಳ್ಳಿಯಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ ಅನ್ನುವುದು ಅಂಗಡಿಯವರಿಗೂ ಗೊತ್ತಿರುವ ವಿಷಯ. ಎರಡನೇ ಸಲ ಒತ್ತಿದವರು ನಾವೇ ಇರಬಹುದು, ಆದರೆ ಹಾಗೆ ಒತ್ತಲು ಹೇಳಿದ್ದು ಅವರ ಪುಟ.

ಇದು ಹೇಗೆ ಆಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ರೈತರು ಔಷಧಿ ಹೊಡೆಯುವ ಬ್ಯಾಟರಿ ಪಂಪ್ ತರಿಸುತ್ತಿದ್ದಾರೆ ಅಂದುಕೊಳ್ಳಿ. ಬೆಲೆ 2,400 ರೂಪಾಯಿ. ಸಂಜೆ 7.10ಕ್ಕೆ ಅಂಗಡಿಯ ಪುಟದಲ್ಲಿ ‘ಪೇ’ ಒತ್ತುತ್ತಾರೆ. ಫೋನು ಆ ಪುಟ ಬಿಟ್ಟು ಯುಪಿಐ ಆ್ಯಪ್‌ಗೆ ಹೋಗುತ್ತದೆ. ಪಿನ್ ಹಾಕುತ್ತಾರೆ. ಇವರ ಬ್ಯಾಂಕು ಹಣ ಕಳೆಯುತ್ತದೆ. ಆಮೇಲೆ ಅಂಗಡಿಯ ಕಡೆಯ ಬ್ಯಾಂಕಿಗೆ ಅದು ಸೇರಬೇಕು, ಸೇರಿತು ಅನ್ನುವ ಉತ್ತರ ಬಂದ ದಾರಿಯಲ್ಲೇ ವಾಪಸ್ ಬರಬೇಕು. ಆ ಉತ್ತರ ನಡುವೆ ಎಲ್ಲೋ ತಡವಾಗುತ್ತದೆ. ಆ್ಯಪ್‌ನಲ್ಲಿ ‘ಪೆಂಡಿಂಗ್’ ಅಂತ ಗಡಿಯಾರದ ಚಿತ್ರ ತಿರುಗುತ್ತಿರುತ್ತದೆ.

ರೈತರು ಅಂಗಡಿಯ ಪುಟಕ್ಕೆ ವಾಪಸ್ ಬರುತ್ತಾರೆ. ಫೋನಿನಲ್ಲಿ ಮೆಮೊರಿ ಕಡಿಮೆ. ಯುಪಿಐ ಆ್ಯಪ್ ತೆರೆದಾಗ ಫೋನು ಬ್ರೌಸರನ್ನು ಹಿಂದಿನಿಂದ ಮುಚ್ಚಿಬಿಟ್ಟಿದೆ, ಹಾಗಾಗಿ ಪುಟ ಮೊದಲಿನಿಂದ ಲೋಡ್ ಆಗುತ್ತದೆ. (ಕಡಿಮೆ ಬೆಲೆಯ ಫೋನು ಇಟ್ಟುಕೊಂಡವರಿಗೆ ಇದು ಮಾಮೂಲಿ. ಸೈಟ್ ಮಾಡುವವರ ಕೈಯಲ್ಲಿ ಇರುವುದು ಒಳ್ಳೆಯ ಫೋನು, ಅವರಿಗೆ ಇದು ಕಾಣುವುದೇ ಇಲ್ಲ.) ಪುಟಕ್ಕೆ ಏನಾಯಿತು ಅಂತ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವ ಬದಲು ಅದು ಕೆಂಪಕ್ಷರದಲ್ಲಿ ‘ಪೇಮೆಂಟ್ ಫೇಲ್ ಆಗಿದೆ, ಮತ್ತೆ ಪ್ರಯತ್ನಿಸಿ’ ಅನ್ನುತ್ತದೆ. 7.14ಕ್ಕೆ ರೈತರು ಮತ್ತೆ 2,400 ಕಟ್ಟುತ್ತಾರೆ. ಇದು ತಕ್ಷಣ ಆಗುತ್ತದೆ. 7.20ಕ್ಕೆ ಮೊದಲನೆಯದೂ ‘ಸಕ್ಸಸ್’ ಅಂತ ಬರುತ್ತದೆ. ಪಂಪ್ ಒಂದು, ಹೋದದ್ದು 4,800.

‘ಬಿಡಿ, ಬ್ಯಾಂಕಿನವರು ತಾವಾಗೇ ವಾಪಸ್ ಹಾಕುತ್ತಾರೆ’ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅರ್ಧ ನಿಜ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿಯಮದ ಪ್ರಕಾರ, ಅಂಗಡಿಗೆ ಯುಪಿಐನಲ್ಲಿ ಕಟ್ಟಿದ ಹಣ ನಮ್ಮ ಖಾತೆಯಿಂದ ಹೋಗಿ, ಅಂಗಡಿಗೆ ಖಾತರಿ ಸಿಗದಿದ್ದರೆ, ವ್ಯವಹಾರದ ದಿನದಿಂದ 5 ದಿನದೊಳಗೆ ಅದು ತಾನಾಗೇ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ನಾವು ದೂರು ಕೊಡುವ ಮೊದಲೇ. ಆದರೆ ಇದು ವಿಫಲವಾದ ವ್ಯವಹಾರಕ್ಕೆ ಮಾತ್ರ. ನಮ್ಮ ಉದಾಹರಣೆಯಲ್ಲಿ ಎರಡೂ ಸಕ್ಸಸ್ ಆಗಿವೆ. ಬ್ಯಾಂಕಿನ ಕಣ್ಣಿಗೆ ಇವು ಒಬ್ಬರು ಒಂದೇ ಅಂಗಡಿಯಲ್ಲಿ ಮಾಡಿದ ಎರಡು ಖರೀದಿ, ತಪ್ಪೇನೂ ನಡೆದಿಲ್ಲ. ಎರಡೂ ಒಂದೇ ಪಂಪಿಗೆ ಕಟ್ಟಿದ್ದು ಅನ್ನುವುದು ಗೊತ್ತಿರುವುದು ಅಂಗಡಿಗೆ ಮಾತ್ರ. ಅದಕ್ಕೇ ಹೊಣೆಯೂ ಅಂಗಡಿಯದೇ ಅನ್ನುತ್ತೇವೆ ನಾವು.

ಹಾಗಾದರೆ ಅಂಗಡಿಯ ಸೈಟ್ ಏನು ಮಾಡಬೇಕಿತ್ತು? ಮೊದಲನೆಯದಾಗಿ, ನಮ್ಮ ಫೋನನ್ನು ನಂಬಿ ಕೂರಬಾರದಿತ್ತು. ಅಂಗಡಿಯ ಪರವಾಗಿ ಹಣ ಪಡೆದುಕೊಡುವ ಕಂಪನಿಗೆ ಗೇಟ್‌ವೇ ಅನ್ನುತ್ತಾರೆ. ಹಣ ಬಂತೋ ಇಲ್ಲವೋ ಅನ್ನುವುದನ್ನು ಗೇಟ್‌ವೇ ಅಂಗಡಿಯ ಸರ್ವರ್‌ಗೆ ನೇರವಾಗಿ ತಿಳಿಸುವ ಏರ್ಪಾಡು ಇದೆ. ತಿಳಿಸದಿದ್ದರೆ ಸರ್ವರ್ ತಾನೇ ಕೇಳಿ ನೋಡಬಹುದು. ಫೋನು ಆಫ್ ಆದರೂ ಈ ಮಾತುಕತೆ ನಡೆಯುತ್ತದೆ. ಕೇಳಿದಾಗ ‘ಪೆಂಡಿಂಗ್’ ಅಂತ ಬಂದರೆ ಪುಟವೂ ‘ಪೆಂಡಿಂಗ್’ ಅಂತಲೇ ತೋರಿಸಬೇಕು. ‘ನಿಮ್ಮ ಹಣ ಹೋಗಿದೆಯೋ ಇಲ್ಲವೋ ನೋಡುತ್ತಿದ್ದೇವೆ, ಮತ್ತೆ ಕಟ್ಟಬೇಡಿ, ಮೆಸೇಜ್ ಕಳಿಸುತ್ತೇವೆ’ ಅಂತ ಕನ್ನಡದಲ್ಲಿ ಬರೆದರೆ ಯಾರೂ ಎರಡನೇ ಸಲ ಒತ್ತಲು ಹೋಗುವುದಿಲ್ಲ.

ಎರಡನೆಯದು ಆರ್ಡರ್ ನಂಬರಿನ ವಿಷಯ. ಡೇರಿಯಲ್ಲಿ ಒಬ್ಬ ಸದಸ್ಯರ ನಂಬರಿಗೆ ಬೆಳಗಿನ ಹಾಲಿನ ಲೆಕ್ಕಕ್ಕೆ ಒಂದೇ ಸಾಲು ಇರುತ್ತದೆ. ಬರೆದಾಗಿದ್ದರೆ ಇನ್ನೊಂದು ಸಾಲು ಬರೆಯುವುದಿಲ್ಲ, ಬರೆದದ್ದನ್ನೇ ತೋರಿಸುತ್ತಾರೆ. ಹಾಗೆಯೇ ಒಂದು ಖರೀದಿಗೆ ಒಂದೇ ಆರ್ಡರ್ ನಂಬರ್ ಇರಬೇಕು. ಪುಟ ಹತ್ತು ಸಲ ಲೋಡ್ ಆದರೂ ಅದೇ ನಂಬರ್ ಉಳಿಯಬೇಕು, ಎಷ್ಟು ಸಲ ಹಣ ಕಟ್ಟಲು ಹೋದರೂ ಎಲ್ಲ ಅದರ ಅಡಿಯಲ್ಲೇ ದಾಖಲಾಗಬೇಕು. ಎಷ್ಟೋ ಸೈಟ್‌ಗಳು ಎಡವುವುದು ಇಲ್ಲೇ. ಬಟನ್ ಒತ್ತಿದಾಗಲೆಲ್ಲ ಹೊಸ ನಂಬರ್ ಹುಟ್ಟಿಸುತ್ತವೆ. ಆಗ ತಮ್ಮದೇ ಲೆಕ್ಕದಲ್ಲೂ ಅವು ಎರಡು ಬೇರೆ ಖರೀದಿಗಳಾಗಿ ಕೂರುತ್ತವೆ, ಎರಡು ಸಲ ಹಣ ಬಂದದ್ದು ಅಂಗಡಿಗೂ ಕಾಣುವುದಿಲ್ಲ.

ಅಂಗಡಿಯವರದೂ ಒಂದು ವಾದವಿದೆ. ಗಿರಾಕಿಯನ್ನು ಕಾಯಿಸಿದರೆ ಬೇರೆ ಅಂಗಡಿಗೆ ಹೋಗುತ್ತಾರೆ, ಪೆಂಡಿಂಗ್ ಇರುವ ಆರ್ಡರಿಗೆ ಎಷ್ಟು ಹೊತ್ತು ಸ್ಟಾಕ್ ಹಿಡಿದಿಡುವುದು ಅಂತ. ಇದು ಸುಳ್ಳಲ್ಲ. ಕೆಲವು ಪೆಂಡಿಂಗ್‌ಗಳು ಎರಡು ನಿಮಿಷದಲ್ಲಿ ಬಿಡಿಸಿಕೊಂಡರೆ ಕೆಲವು ಮಾರನೇ ದಿನದವರೆಗೂ ಎಳೆಯುತ್ತವೆ. ಅಷ್ಟು ಕಾಯಿಸಲಾಗದಿದ್ದರೆ ಎರಡನೇ ಸಲ ಕಟ್ಟಲು ಬಿಡಲಿ, ನಮ್ಮ ತಕರಾರಿಲ್ಲ. ಆದರೆ ಹಾಗೆ ಬಿಡುವಾಗ ‘ಮೊದಲಿನ ಹಣವೂ ಬಂದರೆ ಅದನ್ನು ವಾಪಸ್ ಕೊಡುತ್ತೇವೆ’ ಅಂತ ಮೊದಲೇ ಹೇಳಲಿ. ಒಂದೇ ಆರ್ಡರ್ ನಂಬರ್ ಇದ್ದರೆ, ಹಣ ಸಂದಾಯವಾದ ಆರ್ಡರಿಗೆ ಮತ್ತೊಮ್ಮೆ ಹಣ ಬಂದ ಕೂಡಲೇ ರೀಫಂಡ್ ಹೊರಡುವಂತೆ ಸಾಫ್ಟ್‌ವೇರ್‌ನಲ್ಲೇ ಬರೆದಿಡಬಹುದು. ಗಿರಾಕಿ ಫೋನ್ ಮಾಡಿ, ಸ್ಕ್ರೀನ್‌ಶಾಟ್ ಕಳಿಸಿ, ಗೋಗರೆಯುವವರೆಗೆ ಕಾಯುವ ಅಗತ್ಯವೇ ಇಲ್ಲ. ಪೆಂಡಿಂಗ್ ಇದ್ದಾಗ ‘ಸಾಮಾನು ಬಂದಾಗ ಕೊಡಿ’ ಅನ್ನುವ ಅವಕಾಶ ಕೊಟ್ಟರೂ ಆಯಿತು. ನಡುವೆ ಹಣ ಸೇರಿಬಿಟ್ಟರೆ ಕೊರಿಯರ್ ಹುಡುಗನ ಪಟ್ಟಿಯಲ್ಲಿ ವಸೂಲಿ ಮೊತ್ತ ಸೊನ್ನೆ ಆಗಬೇಕು, ಅಷ್ಟೇ.

ಅಂಗಡಿಗಳು ಇದನ್ನೆಲ್ಲ ಸರಿಮಾಡುವವರೆಗೆ ನಮ್ಮ ಕೈಯಲ್ಲಿರುವುದು ಸ್ವಲ್ಪ. ಅಂಗಡಿಯ ಪುಟ ‘ಫೇಲ್’ ಅಂದರೂ ಯುಪಿಐ ಆ್ಯಪ್‌ನ ಹಿಸ್ಟರಿ ನೋಡಿ. ಎಸ್‌ಎಂಎಸ್ ತಡವಾಗಿ ಬರಬಹುದು, ಅದು ಬಂದಿಲ್ಲ ಅಂದರೆ ಹಣ ಹೋಗಿಲ್ಲ ಅಂತಲ್ಲ. ಹಿಸ್ಟರಿಯಲ್ಲಿ ‘ಪೆಂಡಿಂಗ್’ ಇದ್ದರೆ ಮತ್ತೆ ಕಟ್ಟಬೇಡಿ. ‘ಫೇಲ್ಡ್’ ಅಂತ ಖಚಿತವಾಗಿ ಬಂದಮೇಲೆ ಕಟ್ಟಿ.

ಎರಡು ಸಲ ಹೋಗಿಯೇಬಿಟ್ಟಿದ್ದರೆ, ಪ್ರತಿ ವ್ಯವಹಾರಕ್ಕೂ 12 ಅಂಕಿಯ ಯುಟಿಆರ್ ನಂಬರ್ ಇರುತ್ತದೆ, ಎರಡನ್ನೂ ಬರೆದಿಟ್ಟುಕೊಳ್ಳಿ. ಎರಡೂ ಸಕ್ಸಸ್ ಆಗಿದ್ದರೆ ಎರಡು ನಂಬರನ್ನೂ ಕೊಟ್ಟು ಅಂಗಡಿಯನ್ನೇ ಕೇಳಬೇಕು. ಒಂದೇ ಸಲ ಹೋಗಿ ಅಂಗಡಿ ‘ಬಂದಿಲ್ಲ’ ಅನ್ನುತ್ತಿದ್ದರೆ, 5 ದಿನ ನೋಡಿ ಆ್ಯಪ್‌ನಲ್ಲಿ ಅಥವಾ ನಿಮ್ಮ ಬ್ಯಾಂಕಿನಲ್ಲಿ ದೂರು ಕೊಡಿ, ದಿನಕ್ಕೆ 100 ರೂಪಾಯಿಯ ಮಾತನ್ನೂ ಎತ್ತಿ. ಅಂಗಡಿಯ ಕಸ್ಟಮರ್ ಕೇರ್ ನಂಬರನ್ನು ಮಾತ್ರ ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ಮೋಸದ ನಂಬರುಗಳೂ ಸಿಗುತ್ತವೆ. ಆರ್ಡರಿನ ಪುಟದಲ್ಲಿರುವ ನಂಬರಿಗೇ ಮಾಡಿ. ರೀಫಂಡ್ ಬರಲು ಪಿನ್ ಹಾಕಿ ಅಂತ ಯಾರಾದರೂ ಹೇಳಿದರೆ ಅಲ್ಲೇ ಫೋನ್ ಇಡಿ. ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ.